ನಾಲ್ಕೂರಿನ ತೊಗರಿ, ಒಂದು ಸರಾಸರಿ, ವಾಪಸ್ ಬಂದ ಲಾರಿ: ಒಂದು ಪ್ರಕರಣ

ಇದು ಕಲಬುರಗಿ ಜಿಲ್ಲಾದಾಗಿನ ಒಂದು ರೈತ ಉತ್ಪಾದಕರ ಕಂಪನಿಯೊಳಗ ನಡೆದದ್ದು. ಕಂಪನಿ ಹೆಸರು, ಊರ ಹೆಸರು, ಮಂದಿ ಹೆಸರು ಯಾವುದೂ ಬರೀತಿಲ್ಲ, ಊರುಗಳಿಗೆ ಅ, ಬ, ಕ, ಡ ಅಂತ ಇಟ್ಟೀನಿ. ಲೆಕ್ಕ ಓದ್ಲಿಕ್ಕೆ ಸುಲಭ ಆಗ್ಲಿ ಅಂತ ತೂಕಗಳನ್ನ ರೌಂಡ್ ಮಾಡೀನಿ, ಆದ್ರ ಲೆಕ್ಕ ತಪ್ಪಿದ ರೀತಿ, ಸಿಕ್ಕಿಬಿದ್ದ ರೀತಿ ಎರಡೂ ಹೆಂಗ ಆಗಿತ್ತೋ ಹಂಗೇ ಅದ. ಮಾಲು ಒಟ್ಟು ಮಾಡಿ ಮಾರೋ ಸಂಘ, ಕಂಪನಿ ನಡೆಸೋರಿಗೆ, ಅಲ್ಲಿ ಲೆಕ್ಕ ಬರೆಯೋ ಹುಡುಗರಿಗೆ ಇದು ಬೇಕಾಗ್ತದ ಅಂತ ಪೂರ್ತಿ ಬರೀಲಿಕತ್ತೀನಿ. ನಾನು ಆ ಕಂಪನಿಗೆ ಲೆಕ್ಕಪತ್ರದ ಕೆಲಸಕ್ಕ ಸಹಾಯ ಮಾಡ್ಲಿಕ್ಕೆ ಹೋಗ್ತಿದ್ದೆ, ಹಂಗಾಗಿ ರಜಿಸ್ಟರ್ ಎಲ್ಲಾ ಕಣ್ಣಾರೆ ನೋಡೀನಿ.

ಹಿನ್ನೆಲೆ

ಡಿಸೆಂಬರ್ ಕೊನಿ, ಜನವರಿ ಶುರು ಅಂದ್ರ ನಮ್ಮ ಕಡೆ ತೊಗರಿ ರಾಶಿ ಸುಗ್ಗಿ. ಕಂಪನಿ ನಾಲ್ಕು ಊರಿಂದ ತೊಗರಿ ಕೂಡ್ಸಿ ಶಹರದ ಹೊರಗಿನ ಒಂದು ದಾಲ್ ಮಿಲ್‌ಗೆ ನೇರ ಕೊಡೋ ಒಪ್ಪಂದ ಮಾಡ್ಕೊಂಡಿತ್ತು. ಒಪ್ಪಂದದಾಗ ಒಂದೇ ಖಡಕ್ ಷರತ್ತು, ಕಾಳಿನ ತೇವಾಂಶ 12 ಪರ್ಸೆಂಟ್ ದಾಟಬಾರದು. ಇದು ಮಿಲ್ಲಿನವರು ಮನಸ್ಸಿಗೆ ಬಂದಂಗ ಹಾಕಿದ್ದಲ್ಲ, ಬೆಂಬಲ ಬೆಲೆಗೆ ಸರ್ಕಾರ ತೊಗರಿ ತಗೊಳ್ಳೋವಾಗ್ಲೂ ಮಿತಿ 12 ಪರ್ಸೆಂಟೇ ಇರ್ತದ. ಹಸಿ ಜಾಸ್ತಿ ಇದ್ದ ಕಾಳು ಚೀಲದಾಗ ಕುಂತ್ರ ಬೂಸ್ಟು ಹಿಡೀತದ, ಹುಳಾ ಬೀಳ್ತದ, ಮಿಲ್ಲಿನಾಗ ಸಿಪ್ಪಿ ಸರಿ ಬಿಡಂಗಿಲ್ಲ, ಮ್ಯಾಲ ಮಿಲ್ಲಿನವ ನೀರಿಗೆ ತೊಗರಿ ರೇಟು ಕೊಟ್ಟಂಗ ಆಗ್ತದ.

ಪ್ರತಿ ಊರಾಗ ಕಂಪನಿದು ಒಂದು ಖರೀದಿ ಕೇಂದ್ರ. ರೈತ ಮಾಲು ತಂದ್ರ ತೂಕ ಮಾಡಿ, ಮೀಟರಿನಾಗ ಒಂದು ಹಿಡಿ ಕಾಳು ಹಾಕಿ ತೇವಾಂಶ ನೋಡಿ, ರಜಿಸ್ಟರಿನಾಗ ರೈತನ ಹೆಸರಿನ ಮುಂದ ಎರಡೂ ಬರೀತಿದ್ರು. ಸಂಜಿಗೆ ಕೇಂದ್ರದವ ಫೋನ್ ಮಾಡಿ ಆಫೀಸಿಗೆ ಎರಡೇ ನಂಬರ್ ಹೇಳಾಂವ, ಒಟ್ಟು ಇಷ್ಟು ಕ್ವಿಂಟಲ್, ಸರಾಸರಿ ಇಷ್ಟು ಪರ್ಸೆಂಟ್. ಆಫೀಸಿನ ಹುಡುಗ ಅದನ್ನ ಕಂಪ್ಯೂಟರಿನಾಗ ಶೀಟಿಗೆ ಏರಿಸ್ತಿದ್ದ. ಮೊದಲ ಖೇಪು ಮುಗಿದಾಗ ಶೀಟು ಹಿಂಗಿತ್ತು:

| ಊರು | ಕ್ವಿಂಟಲ್ | ಸರಾಸರಿ ತೇವಾಂಶ (%) |
|---|---|---|
| ಅ | 40 | 10.2 |
| ಬ | 30 | 10.8 |
| ಕ | 50 | 11.6 |
| ಡ | 180 | 12.6 |

ಕೆಳಗ ಹುಡುಗ `=AVERAGE(C2:C5)` ಅಂತ ಹಾಕಿದ್ದ, 11.3 ಬಂದಿತ್ತು. ಮ್ಯಾನೇಜರ್ ಅದನ್ನ ನೋಡಿ ಮಿಲ್ಲಿಗೆ "ನಮ್ಮ ಮಾಲು 11.3 ಅದರಿ, ಲಾರಿ ಕಳಿಸ್ತೀವಿ" ಅಂತ ಹೇಳಿಬಿಟ್ರು.

ಲಾರಿ ವಾಪಸ್

ಮೊದಲನೇ ಲಾರಿಗೆ 100 ಕ್ವಿಂಟಲ್, ಅಂದ್ರ 50 ಕೆಜಿದು 200 ಚೀಲ ಏರಿಸಿದ್ರು. ಗೋದಾಮಿನಾಗ ಬಾಗಿಲ ಕಡೆ ಇದ್ದದ್ದು ಡ ಊರಿನ ಚೀಲ, ಹಮಾಲರು ಕೈಗೆ ಸಿಕ್ಕದ್ದನ್ನೇ ಹೊತ್ರು. ಮಿಲ್ಲಿನ ಗೇಟಿನಾಗ ಹತ್ತಿಪ್ಪತ್ತು ಚೀಲಕ್ಕ ಚುಚ್ಚಿ ಕಾಳು ತೆಗೆದು, ಕೂಡ್ಸಿ ಮೀಟರಿಗೆ ಹಾಕಿದ್ರ 13.4. ಮತ್ತೊಮ್ಮೆ ಬ್ಯಾರೆ ಚೀಲದಿಂದ ತೆಗೆದು ನೋಡಿದ್ರೂ 13.4ರ ಹತ್ರನೇ. ಲಾರಿ ವಾಪಸ್, ಬಾಡಿಗಿ ಕಂಪನಿ ತಲಿ ಮ್ಯಾಲ.

ಆಫೀಸಿನಾಗ ಮೊದಲ ಸಂಶಯ ಎಲ್ಲಾರಿಗೂ ಮಿಲ್ಲಿನ ಮೀಟರ್ ಮ್ಯಾಲೇ ಬಂತು. ರೈತರ ಕಡೆಯವ್ರಿಗೆ ಈ ಸಂಶಯ ಬರೋದು ಸಹಜ, ತೂಕದ ಕಾಟಾದಾಗ ಮೋಸ ತಿಂದ ನೆನಪು ಎಲ್ಲಾರಿಗೂ ಇರ್ತದ. ಆದ್ರ ಅಧ್ಯಕ್ಷರು ಶ್ಯಾಣೇತನದ ಕೆಲಸ ಮಾಡಿದ್ರು, ಜಗಳಕ್ಕ ಹೋಗ್ಲಿಲ್ಲ. ಒಂದೇ ಚೀಲದ ಕಾಳನ್ನ ಡಬ್ಬಿಯೊಳಗ ಗಟ್ಟಿ ಮುಚ್ಚಿ ತಗೊಂಡು ಹೋಗಿ ಎರಡೂ ಕಡೆ ಮೀಟರಿನಾಗ ನೋಡಿಸಿದ್ರು. ಫರಕು 0.1 ಪರ್ಸೆಂಟ್. ಅಂದ್ರ ಮೀಟರ್ ಸರಿ ಅವ, ಎರಡು ಪಾಯಿಂಟ್ ಫರಕು ಬಂದದ್ದು ಬ್ಯಾರೆ ಎಲ್ಲಿಂದನೋ.

ಇದು ಮೊದಲನೇ ತಿರುವು. ಮೀಟರ್ ಮ್ಯಾಲಿನ ಜಗಳ ಅಲ್ಲಿಗೇ ನಿಂತದ್ದಕ್ಕ ಎಲ್ಲಾರ ಕಣ್ಣೂ ಲೆಕ್ಕದ ಕಡೆ ತಿರುಗ್ತು.

ಮೊದಲ ರಿಪೇರಿ, ಮತ್ತ ಬರಬಾರದ ನಂಬರು

11.3 ಹೆಂಗ ಬಂತು ಅಂತ ಕೇಳಿದಾಗ ಹುಡುಗ ಶೀಟ್ ತೋರಿಸ್ದ. ನಾಲ್ಕು ಊರಿನ ಸರಾಸರಿ ಕೂಡ್ಸಿ ನಾಲ್ಕರಿಂದ ಭಾಗಿಸಿದ್ದು. ಅಂದ್ರ 30 ಕ್ವಿಂಟಲ್ ಕೊಟ್ಟ ಬ ಊರಿಗೂ 180 ಕ್ವಿಂಟಲ್ ಕೊಟ್ಟ ಡ ಊರಿಗೂ ಒಂದೇ ಪಾಲು. ನಾಲ್ಕೂ ಊರಿನ ತೊಗರಿ ಒಂದೇ ಕಣದಾಗ ಸುರಿದ್ರ ಆ ರಾಶಿಯೊಳಗ ಅರ್ಧಕ್ಕಿಂತ ಜಾಸ್ತಿ ಡ ಊರಿನ ಕಾಳೇ ಇರ್ತದ, ಹಂಗಿದ್ದಾಗ ಸರಾಸರಿಯೊಳಗ ಅದರ ಪಾಲು ನಾಲ್ಕನೇ ಒಂದು ಭಾಗ ಅಂತ ಹೆಂಗ ಆಗ್ತದ?

ತೇವಾಂಶ ಅಂದ್ರ ಏನು ಅನ್ನೋದನ್ನ ಹಿಡ್ಕೊಂಡ್ರ ಸರಿ ಲೆಕ್ಕ ತಾನಾಗೇ ಬರ್ತದ. ಒಂದು ಕ್ವಿಂಟಲ್ ಕಾಳಿನಾಗ ಎಷ್ಟು ಕೆಜಿ ನೀರು ಅದ, ಅದೇ ಪರ್ಸೆಂಟು. ಮ್ಯಾಲ ನೀರಿನ ತೂಕ, ಕೆಳಗ ಕಾಳಿನ ಪೂರಾ ತೂಕ. ಹಂಗಾಗಿ ನಾಲ್ಕೂ ಊರಿನ ನೀರು ಕೂಡ್ಸಬೇಕು, ನಾಲ್ಕೂ ಊರಿನ ಕಾಳಿನ ತೂಕ ಕೂಡ್ಸಬೇಕು, ಆಮ್ಯಾಲ ಭಾಗಿಸಬೇಕು. ಅ ಊರಿನಾಗ 40 ಕ್ವಿಂಟಲ್‌ಗೆ 4.08 ಕ್ವಿಂಟಲ್ ನೀರು, ಬ ಊರಿನಾಗ 3.24, ಕ ಊರಿನಾಗ 5.80, ಡ ಊರಿನಾಗ 22.68. ಒಟ್ಟು 35.80 ಕ್ವಿಂಟಲ್ ನೀರು. ತೂಕ ಹಚ್ಚಿದ ಸರಾಸರಿ ಅಂದ್ರ ಇಷ್ಟೇ, ಪ್ರತಿ ಗುಂಪಿನ ಸರಾಸರಿಗೆ ಆ ಗುಂಪಿನ ಗಾತ್ರದಷ್ಟು ಪಾಲು ಕೊಡೋದು. ಯಾವ ತೂಕ ಹಚ್ಚಬೇಕು ಅಂತ ಗೊಂದಲ ಆದ್ರ ಆ ಪರ್ಸೆಂಟಿನ ಕೆಳಗ ಏನು ಕುಂತದ ನೋಡ್ರಿ, ಇಲ್ಲಿ ಕೆಳಗ ಕುಂತದ್ದು ಕಾಳಿನ ತೂಕ, ಹಂಗಾಗಿ ಹಚ್ಚಬೇಕಾದ್ದೂ ಅದೇ.

ಯಾಕ ಹೇಳ್ತೀನಂದ್ರ ಅವತ್ತು ಮೀಟಿಂಗಿನಾಗ ನಿರ್ದೇಶಕರೊಬ್ಬರು "ಊರಿಗೆ ಎಷ್ಟು ಮಂದಿ ರೈತರು ಅದಾರ, ಆ ಲೆಕ್ಕದಾಗ ಪಾಲು ಹಚ್ರಿ, ಅದು ನ್ಯಾಯ" ಅಂದಿದ್ರು. ಕೇಳ್ಲಿಕ್ಕೆ ಬರಾಬರಿ ಅನಸ್ತದ. ಅ ಊರಿಗೆ 10, ಬ ಊರಿಗೆ 10, ಕ ಊರಿಗೆ 12, ಡ ಊರಿಗೆ 8 ರೈತರು, ಆ ಪ್ರಕಾರ ಮಾಡಿದ್ರ 11.25 ಬರ್ತದ. ಆದ್ರ ಅದು ಬ್ಯಾರೆ ಪ್ರಶ್ನೆಗೆ ಉತ್ತರ, ನಮ್ಮ ಒಬ್ಬ ರೈತ ಸಾಧಾರಣ ಎಂಥಾ ಕಾಳು ತರ್ತಾನ ಅನ್ನೋದಕ್ಕ. ಮಿಲ್ಲಿನವ ಕೇಳೋದು ರೈತನ ಬಗ್ಗೆ ಅಲ್ಲ, ರಾಶಿ ಬಗ್ಗೆ.

ಹುಡುಗ ಚುರುಕು, ಅಲ್ಲೇ ಕುಂತು ಸೂತ್ರ ಬದಲಿ ಮಾಡಿದ. ಉತ್ತರ 14.32 ಬಂತು.

ಎಲ್ಲಾರ ಮಾರಿ ಬಾಡ್ತು. ಒಬ್ಬರು "ಖರೇ ಅದಾನ್ರಿ ಮಿಲ್ಲಿನವ, ನಮ್ಮ ಮಾಲು ಅಷ್ಟು ಹಸಿ ಅದ" ಅಂದ್ರು, ಇನ್ನೊಬ್ಬರು ಮುಂದಿನ ಲಾರಿ ನಿಲ್ಲಿಸ್ಲಿಕ್ಕೆ ಫೋನ್ ತಗೊಂಡ್ರು. ಅಷ್ಟೊತ್ತಿಗೆ ಮೂಲ್ಯಾಗ ಕುಂತಿದ್ದ ಅ ಊರಿನ ಹಿರಿ ರೈತರೊಬ್ಬರು, ಶಾಲಿ ಭಾಳ ಕಲ್ತವರಲ್ಲ, "ತಮ್ಮಾ, ನಾಲ್ಕು ಊರಿನಾಗ ಭಾಳ ಹಸಿ ಯಾವುದು?" ಅಂತ ಕೇಳಿದ್ರು. "ಡ ಊರು ಕಾಕಾ, 12.6" ಅಂದ ಹುಡುಗ. "ಹಂಗಾದ್ರ ಕೂಡ್ಸಿದ್ದು ಅದಕ್ಕಿಂತ ಹಸಿ ಹೆಂಗ ಆಗ್ತದೋ? ಒಣಾ ಕಾಳು ಕೂಡ್ಸಿದ್ರ ಹಸಿ ಕಾಳು ಮತ್ತಷ್ಟು ಹಸಿ ಆಗ್ತದೇನು?"

ಎರಡನೇ ತಿರುವು ಇದು, ಮತ್ತ ಈ ಪ್ರಕರಣದಾಗ ನನಗ ಭಾಳ ಕಿಮ್ಮತ್ತಿನದು ಅನಿಸಿದ್ದೂ ಇದೇ ಮಾತು. ಅವರು ಹೇಳಿದ್ದು ಗಣಿತದಾಗ ಪಕ್ಕಾ ಸಿದ್ಧ ಮಾಡಬಹುದಾದ ಮಾತು. ನಾಲ್ಕೂ ಊರಿನ ಕಾಳು ಡ ಊರಿನಷ್ಟೇ ಹಸಿ ಅಂತ ತಿಳ್ಕೊಳ್ರಿ, ಆಗ 300 ಕ್ವಿಂಟಲ್‌ನಾಗ ನೀರು 37.80 ಕ್ವಿಂಟಲ್. ಖರೇ ನೀರು ಅದಕ್ಕಿಂತ ಜಾಸ್ತಿ ಇರ್ಲಿಕ್ಕೇ ಸಾಧ್ಯ ಇಲ್ಲ, ಯಾಕಂದ್ರ ಒಂದೊಂದು ಊರಿನ ಕಾಳೂ ಡ ಊರಿನಷ್ಟೇ ಹಸಿ ಇಲ್ಲಾ ಅದಕ್ಕಿಂತ ಒಣಾ. ಇನ್ನೊಂದು ಕಡೆಯಿಂದ, ಎಲ್ಲಾ ಅ ಊರಿನಷ್ಟೇ ಒಣಾ ಅಂತ ತಿಳ್ಕೊಂಡ್ರ ನೀರು 30.60, ಅದಕ್ಕಿಂತ ಕಮ್ಮಿನೂ ಆಗಂಗಿಲ್ಲ. ಹಂಗಾಗಿ ಎಷ್ಟೆಷ್ಟೇ ತೂಕ ಇರ್ಲಿ, ಕೂಡ್ಸಿದ ರಾಶಿಯ ಪರ್ಸೆಂಟು 10.2ಕ್ಕೂ 12.6ಕ್ಕೂ ನಡುವೇ ಬೀಳಬೇಕು, ಹೊರಗ ಹೋಗ್ಲಿಕ್ಕೆ ದಾರಿನೇ ಇಲ್ಲ. 14.32 ಬಂದದ ಅಂದ್ರ ಕಾಳು ಹಸಿ ಅಂತ ಅರ್ಥ ಅಲ್ಲ, ಲೆಕ್ಕ ಮುರದದ ಅಂತ ಅರ್ಥ.

ಹುಡುಕಿದ್ರು, ಸಿಕ್ತು. ಹುಡುಗ ಒಂದೊಂದು ಊರಿನ ನೀರು ಸರಿಯಾಗೇ ಕೂಡ್ಸಿದ್ದ, ಆದ್ರ ಭಾಗಿಸ್ಲಿಕ್ಕೆ ಒಟ್ಟು ತೂಕ ಕೈಯಿಂದ 250 ಅಂತ ಟೈಪ್ ಮಾಡಿದ್ದ. ಆ 250 ವೇ ಬ್ರಿಜ್ಜಿನ ಹಳೇ ಚೀಟಿದು, ಡ ಊರಿಂದ ಕೊನಿಗೆ ಬಂದ ಟ್ರ್ಯಾಕ್ಟರಿನ 50 ಕ್ವಿಂಟಲ್ ಅದ್ರಾಗ ಇರ್ಲಿಲ್ಲ. ಮ್ಯಾಲ 300 ಕ್ವಿಂಟಲ್‌ನ ನೀರು, ಕೆಳಗ 250 ಕ್ವಿಂಟಲ್ ಕಾಳು. ಪಾಲುಗಳೆಲ್ಲಾ ಕೂಡಿದ್ರ ಒಂದು ಆಗಬೇಕಾದದ್ದು 1.2 ಆಗಿತ್ತು, ಅದಕ್ಕೇ ಗಡಿ ದಾಟ್ತು. ಮುಂದ ಹಂಗ ಆಗಬಾರದು ಅಂತ ಎರಡೂ ಕಡೆ ಅದೇ ಕಾಲಮ್ ಬರೋ ಹಂಗ ಸೂತ್ರ ಕೂಡ್ಸಿದ್ರು:

```
=SUMPRODUCT(B2:B5,C2:C5)/SUM(B2:B5)
```

ಈಗ 11.93 ಬಂತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕಂದ್ರ ಆಮ್ಯಾಲ ಆಫೀಸಿನಾಗ ಕೆಲವರು "ನಡುವೆ ಬಂದದ ಅಂದ್ರ ಲೆಕ್ಕ ಸರಿ" ಅಂತ ತಿಳ್ಕೊಂಡ್ರು. ಅದು ಹಂಗಲ್ಲ. ಗಡಿಯ ಪರೀಕ್ಷೆ ಒಂದೇ ಕಡೆ ಕೆಲಸ ಮಾಡ್ತದ, ಹೊರಗ ಬಿದ್ರ ತಪ್ಪು ಅಂತ ಖಾತ್ರಿ, ಒಳಗ ಬಿದ್ರ ಸರಿ ಅಂತ ಖಾತ್ರಿ ಇಲ್ಲ. ಮೊದಲಿನ 11.3 ಕೂಡ ಗಡಿಯ ಒಳಗೇ ಇತ್ತಲ್ಲ, ರೈತರ ತಲಿ ಎಣಿಸಿ ಮಾಡಿದ 11.25 ಕೂಡ. ಹುಡುಗ 250ರ ಬದಲಿ ತಪ್ಪಿ 330 ಅಂತ ಹಾಕಿದ್ರ 10.85 ಬರ್ತಿತ್ತು, ಅದೂ ಒಳಗೇ, ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ, ಎಲ್ಲಾರೂ ಖುಷಿ ಪಟ್ಟು ಲಾರಿ ಬಿಡ್ತಿದ್ರು. ಇನ್ನೊಂದು, ಯಾವ ಪಾಲೂ ಮೈನಸ್ ಇರಬಾರದು. ರೈತ ವಾಪಸ್ ಒಯ್ದ ಚೀಲಗಳನ್ನ ಅದೇ ಕಾಲಮಿನಾಗ ಮೈನಸ್ ಅಂತ ಬರೆದ್ರ ಈ ಗಡಿ ನಿಲ್ಲಂಗಿಲ್ಲ, ಅದನ್ನ ಆ ಊರಿನ ತೂಕದಾಗೇ, ನೀರಿನಾಗೇ ಕಳೆದು ಬರೀಬೇಕು.

11.93 ಅನ್ನೋ ಸಮಾಧಾನ ಹೆಂಗ ಒಡೀತು

11.93 ಅಂದ್ರ 12ರ ಒಳಗೇ ಅದ. ಮ್ಯಾನೇಜರಿಗೆ ಸಮಾಧಾನ ಆತು, ಎಲ್ಲಾ ಕಾಳು ಕೂಡ್ಸಿ ಚೀಲ ತುಂಬಿ ಕಳಿಸಿದ್ರ ಪಾಸ್ ಆಗ್ತದ ಅಂತ. ಆದ್ರ ವಾಪಸ್ ಬಂದ ಲಾರಿದು 13.4 ಇನ್ನೂ ಕುಂತೇ ಇತ್ತು. ಕಾಕಾ ಹೇಳಿದ ಮಾತನ್ನೇ ಆ ಲಾರಿಗೂ ಹಚ್ಚಿ ನೋಡಿದ್ವಿ. ಲಾರಿಯೊಳಗ ನಾಲ್ಕು ಊರಿನ ಯಾವ ಕಾಳೇ ಇರ್ಲಿ, ಎಲ್ಲಕ್ಕಿಂತ ಹಸಿ ಊರಿಂದು 12.6 ಆದ್ರ ಲಾರಿ 13.4 ಹೆಂಗ? ಮೀಟರ್ ಸರಿ ಅದ ಅಂತ ಮೊದಲೇ ಖಾತ್ರಿ ಆಗ್ಯದ. ಹಂಗಾದ್ರ ಉಳಿಯೋದು ಎರಡೇ ದಾರಿ, ಡ ಊರಿನೊಳಗೇ ಕೆಲವು ರೈತರ ಕಾಳು ಭಾಳ ಹಸಿ ಇದ್ದು ಅದೇ ಲಾರಿಗೆ ಏರ್ಯದ, ಇಲ್ಲಾ 12.6 ಅನ್ನೋದೇ ತಪ್ಪು. ತೆಗೆದು ನೋಡಿದ್ರ ಎರಡೂ ಖರೇ.

ಡ ಊರಿನ ರಜಿಸ್ಟರ್ ತರ್ಸಿದ್ರು. ಎಂಟು ರೈತರು. ಆರು ಮಂದಿ ಸಣ್ಣ ಹಿಡುವಳಿದಾರರು, ಒಬ್ಬೊಬ್ಬರದು 10 ಕ್ವಿಂಟಲ್, ತೇವಾಂಶ 12.1ರಿಂದ 12.3, ಸರಾಸರಿ 12.2. ಉಳಿದಿಬ್ಬರು ದೊಡ್ಡ ರೈತರು, ಒಬ್ಬೊಬ್ಬರದು 60 ಕ್ವಿಂಟಲ್, ಒಬ್ಬರದು 13.7, ಇನ್ನೊಬ್ಬರದು 13.9. ಕೇಂದ್ರದವ ಎಂಟು ಮೀಟರ್ ರೀಡಿಂಗ್ ಕೂಡ್ಸಿ ಎಂಟರಿಂದ ಭಾಗಿಸಿ 12.6 ಅಂತ ಫೋನಿನಾಗ ಹೇಳಿದ್ದ. ಅಂದ್ರ ಆಫೀಸಿನಾಗ ಊರಿನ ಮಟ್ಟಕ್ಕ ಆದ ತಪ್ಪೇ ಊರಿನೊಳಗ ರೈತರ ಮಟ್ಟಕ್ಕೂ ಆಗಿತ್ತು. ಊರಿಗೆ ತೂಕ ಹಚ್ಚಿ ರಿಪೇರಿ ಮಾಡಿದ್ದು ಮ್ಯಾಲಿನ ಪದರ ಅಷ್ಟೇ, ಕೆಳಗಿನ ಪದರ ಹಂಗೇ ಇತ್ತು.

ಕ್ವಿಂಟಲ್ ಹಚ್ಚಿ ಮಾಡಿದ್ರ ಡ ಊರಿನ ಖರೇ ಸರಾಸರಿ 13.27. ಅದನ್ನ ಹಾಕಿದಾಗ ಡ ಊರಿನ ನೀರು 22.68 ಅಲ್ಲ, 23.88. ಒಟ್ಟು ನೀರು 37 ಕ್ವಿಂಟಲ್, 300 ಕ್ವಿಂಟಲ್ ಕಾಳಿಗೆ. 12.33 ಪರ್ಸೆಂಟ್. ಎಲ್ಲಾ ಕೂಡ್ಸಿ ಕಳಿಸಿದ್ರೂ ಫೇಲ್.

ಉಳಿದ ಮೂರೂ ಊರಿನ ರಜಿಸ್ಟರ್ ಅದೇ ದಿನ ತೆಗೆದು ನೋಡಿದ್ವಿ. ಅಲ್ಲಿ ಎರಡೂ ರೀತಿ ಮಾಡಿದ್ರೂ ಉತ್ತರ ಹೆಚ್ಚು ಕಮ್ಮಿ ಅದೇ ಬಂತು, ಯಾಕಂದ್ರ ಅಲ್ಲಿನ ರೈತರು ಎಲ್ಲಾರೂ ಸುಮಾರು ಒಂದೇ ಅಳತೆ ಮಾಲು ತಂದಿದ್ರು. ಈ ಫರಕು ತಿಳ್ಕೊಳ್ಳೋದು ಮುಖ್ಯ. ಗುಂಪುಗಳು ಒಂದೇ ಗಾತ್ರದವು ಇದ್ರ ಸರಾಸರಿಗಳ ಸರಾಸರಿಯಿಂದ ಏನೂ ಕೆಡಂಗಿಲ್ಲ. ಗಾತ್ರ ಬ್ಯಾರೆ ಬ್ಯಾರೆ ಇದ್ದು, ಅದಕ್ಕೂ ತೇವಾಂಶಕ್ಕೂ ಸಂಬಂಧ ಇಲ್ಲದಿದ್ರನೂ ಫರಕು ಸಣ್ಣದೇ ಇರ್ತದ. ದೊಡ್ಡ ಗುಂಪೇ ಬ್ಯಾರೆ ಗುಣದ್ದು ಆದಾಗ ಮಾತ್ರ ಭಾರಿ ಪೆಟ್ಟು ಬೀಳ್ತದ.

ಡ ಊರಿನಾಗ ಯಾಕ ಹಂಗಾಗಿತ್ತು ಅನ್ನೋದಕ್ಕೂ ಕಾರಣ ಇತ್ತು. ಸಣ್ಣ ರೈತರು ಗಿಡ ಕೊಯ್ದು, ಹೊಲದಾಗ ಒಣಗಿಸಿ, ಆಮ್ಯಾಲ ಮಷಿನ್ನಿಗೆ ಹಾಕಿ ರಾಶಿ ಮಾಡ್ತಾರ. ಆ ಇಬ್ಬರು ದೊಡ್ಡ ರೈತರು ಹಾರ್ವೆಸ್ಟರ್ ಕರೆಸಿ ನಿಂತ ಬೆಳೀಗೇ ಬಿಡಿಸಿದ್ರು, ಅದೂ ಮುಂಜಾನಿ ಇಬ್ಬನಿ ಇರೋವಾಗ, ಯಾಕಂದ್ರ ಮಷಿನ್ ಮಧ್ಯಾಹ್ನಕ್ಕ ಇನ್ನೊಬ್ಬರ ಹೊಲಕ್ಕ ಹೋಗೋದಿತ್ತು. ಕಾಳು ಟ್ಯಾಂಕಿಂದ ನೇರ ಚೀಲಕ್ಕ. ಜಾಸ್ತಿ ಎಕರೆ ಇದ್ದವರೇ ಹಾರ್ವೆಸ್ಟರ್ ಕರೆಸೋದು, ಹಂಗಾಗಿ ದೊಡ್ಡ ಲಾಟು ಮತ್ತ ಹಸಿ ಕಾಳು ಇವೆರಡೂ ಜೋಡಿಯಾಗೇ ಬಂದಿದ್ವು. ಈ ಕಡೆ ಹಾರ್ವೆಸ್ಟರ್ ಹೆಚ್ಚಾಗ್ಲಿಕತ್ತಾವ ಅಂದ ಮ್ಯಾಲ ಈ ಜೋಡಿ ಮುಂದಿನ ವರ್ಷಗಳಾಗೂ ಬರೋದೇ.

ಏನು ಮಾಡೋದು ಅಂತ ಕುಂತಾಗ

ಮ್ಯಾನೇಜರಿನ ಮೊದಲ ಪ್ಲಾನು, ಒಣಾ ಊರುಗಳ ಕಾಳಿನಾಗ ಹಸಿ ಕಾಳು ಎಷ್ಟು ಹಿಡೀತದೋ ಅಷ್ಟು ಕೂಡ್ಸಿ ಕಳಿಸೋದು. ಲೆಕ್ಕ ಮಾಡಿದ್ವಿ. ಅ, ಬ, ಕ ಮೂರೂ ಕೂಡಿ 120 ಕ್ವಿಂಟಲ್, ನೀರು 13.12. 12 ಪರ್ಸೆಂಟಿನ ಲೆಕ್ಕಕ್ಕ 14.40 ತನಕ ನಡೀತದ, ಅಂದ್ರ 1.28 ಕ್ವಿಂಟಲ್ ನೀರಿಗೆ ಜಾಗ ಅದ. ಡ ಊರಿನ ಒಂದೊಂದು ಕ್ವಿಂಟಲ್‌ನಾಗ 12ರ ಮ್ಯಾಲ 1.27 ಕೆಜಿ ನೀರು ಹೆಚ್ಚಿಗಿ. ಹಂಗಾಗಿ ಸುಮಾರು 101 ಕ್ವಿಂಟಲ್ ಕೂಡ್ಸಬಹುದು, ಅದೂ ಸರಿ 12ರ ಗೆರಿ ಮ್ಯಾಲ ನಿಂತಂಗ, ಮೀಟರ್ 0.1 ಆಕಡೆ ಈಕಡೆ ಆದ್ರ ಮುಗೀತು. ಮ್ಯಾಲ 79 ಕ್ವಿಂಟಲ್ ಉಳೀತದ, ಒಣಾ ಕಾಳು ಖಾಲಿ.

ಆ ಉಳಿದ 79 ಕ್ವಿಂಟಲ್‌ಗೆ ಏನು ಮಾಡೋದು ಅಂತ ಕೇಳಿದಾಗ ಒಬ್ಬರು "ಡ ಊರಿನ ಸಣ್ಣ ರೈತರ ಕಾಳಿನ ಜೋಡಿ ಕೂಡ್ಸ್ರಿ" ಅಂದ್ರು. ಇಲ್ಲಿ ಮತ್ತ ಅದೇ ಗಡಿಯ ಮಾತು ಕೆಲಸಕ್ಕ ಬಂತು. ಡ ಊರಿನಾಗ ಭಾಳ ಒಣಾ ಅಂದ್ರ 12.1. ಅಲ್ಲಿನ ಎಂಟು ಲಾಟುಗಳನ್ನ ಹೆಂಗೆ ಕಲಸಿದ್ರೂ 12.1ಕ್ಕಿಂತ ಕೆಳಗ ಬರಂಗೇ ಇಲ್ಲ. 12ರ ಕೆಳಗಿನ ಕಾಳು ಕೈಯಾಗ ಇಲ್ಲಂದ್ರ ಕಲಸೋದ್ರಿಂದ ಏನೂ ಆಗಂಗಿಲ್ಲ, ಬಿಸಲಿಗೆ ಹಾಕೋದೊಂದೇ ದಾರಿ. ಇದು ಗೊತ್ತಾದ ಮ್ಯಾಲ ಅರ್ಧ ಚರ್ಚಾ ಅಲ್ಲೇ ಮುಗೀತು.

ಇನ್ನರ್ಧ ಚರ್ಚಾ ನ್ಯಾಯದ್ದು. ಅ ಊರಿನ ಕಾಕಾ ಎದ್ದು ನಿಂತ್ರು. "ನಾವು ಕಾಳು ಒಣಗಿಸಿ ತೂಕ ಕಳ್ಕೊಂಡು ತಂದೀವಿ. ಅವರು ನೀರು ತಂದಾರ. ಎರಡೂ ಕೂಡ್ಸಿ ಒಂದೇ ರೇಟು ಕೊಟ್ರ ನಮ್ಮ ಬಿಸಲು ಅವರ ಲಾಭ ಆಗ್ತದಲ್ರಿ ಗೌಡ್ರೇ" ಅಂದ್ರು. ಅಧ್ಯಕ್ಷರಿಗೆ ಇದಕ್ಕ ಎದುರಾಡ್ಲಿಕ್ಕೆ ಏನೂ ಇರ್ಲಿಲ್ಲ, ಮಾತು ಖರೇನೇ ಇತ್ತು. ಸರಾಸರಿ ತೋರಿಸಿ ಮಾರೋ ಸಂಸ್ಥೆಯೊಳಗ ಈ ಪ್ರಶ್ನೆ ಇದ್ದೇ ಇರ್ತದ, ಸರಾಸರಿ ಪಾಸ್ ಆದ ಕೂಡ್ಲೇ ಯಾರು ಅದನ್ನ ಕೆಳಗ ಎಳದ್ರು ಅನ್ನೋದು ಮರೀತದ.

ಕೊನಿಗೆ ಮೂರು ತೀರ್ಮಾನ ಆತು. ಮೊದಲನೇದು, ಇಬ್ಬರು ದೊಡ್ಡ ರೈತರ 120 ಕ್ವಿಂಟಲ್ ಕಂಪನಿ ಕಣದಾಗ ತಾಡಪಾಲ್ ಮ್ಯಾಲ ತೆಳ್ಳಗ ಹರವಿ ಒಣಗಿಸೋದು, ತೂಕ ಕಮ್ಮಿ ಆದದ್ದು ಅವರ ಲೆಕ್ಕಕ್ಕೇ. ದಿನಾ ಸಂಜಿಗೆ ಮುಚ್ಚಿಡೋದು, ಇಬ್ಬನಿ ಬಿದ್ರ ಮತ್ತ ಮೊದಲಿನಂಗೇ. 11.6ಕ್ಕ ಬಂದಾಗ ತೂಕ ಮಾಡಿದ್ರ 117 ಕ್ವಿಂಟಲ್, ಮೂರು ಕ್ವಿಂಟಲ್ ಗಾಳಿಗೆ ಹೋಗಿತ್ತು. ಲೆಕ್ಕದಾಗೂ ಅಷ್ಟೇ ಬರ್ತದ. 120ರಾಗ ನೀರು ಬಿಟ್ಟು ಉಳಿದ ಗಟ್ಟಿ ಕಾಳು 103.44 ಕ್ವಿಂಟಲ್, ಅದು ಒಣಗಿಸಿದ್ರೂ ಬದಲಾಗಂಗಿಲ್ಲ. ಈಗ ಅದು ಒಟ್ಟು ತೂಕದಾಗ 88.4 ಪರ್ಸೆಂಟ್, ಹಂಗಾಗಿ ಒಟ್ಟು 117. ದೊಡ್ಡ ರೈತರಿಗೆ ಬ್ಯಾಸರ ಆತು, 2024-25ರ ಬೆಂಬಲ ಬೆಲೆ 7,550 ರೂಪಾಯಿ ಹಿಡಿದ್ರೂ ಮೂರು ಕ್ವಿಂಟಲ್ ಅಂದ್ರ 22,650. ಆದ್ರ ಕಳದದ್ದು ತೊಗರಿ ಅಲ್ಲ ನೀರು ಅಂತ ಲೆಕ್ಕ ತೋರಿಸಿದ ಮ್ಯಾಲ ಒಪ್ಕೊಂಡ್ರು.

ಎರಡನೇದು, ಡ ಊರಿನ ಆರು ಸಣ್ಣ ರೈತರ 60 ಕ್ವಿಂಟಲ್, ಅದು 12.2, ಗೆರಿಗಿಂತ ಸ್ವಲ್ಪೇ ಮ್ಯಾಲ. ಅದನ್ನ ಅ ಊರಿನ 40 ಕ್ವಿಂಟಲ್ ಜೋಡಿ ಕೂಡ್ಸೋದು. ನೀರು 7.32 ಮತ್ತ 4.08, ಒಟ್ಟು 11.40, ಕಾಳು 100 ಕ್ವಿಂಟಲ್, ಅಂದ್ರ 11.4 ಪರ್ಸೆಂಟ್. ಕಾಕಾನ ಮಾತು ಉಳಿಸ್ಲಿಕ್ಕೆ ರೊಕ್ಕ ಹಂಚೋದನ್ನ 12 ಪರ್ಸೆಂಟಿನ ತೂಕಕ್ಕ ತಂದು ಮಾಡಿದ್ರು. ಅ ಊರಿನ 40 ಕ್ವಿಂಟಲ್‌ನಾಗಿನ ಗಟ್ಟಿ ಕಾಳಿಗೆ 12 ಪರ್ಸೆಂಟ್ ನೀರು ಇದ್ದಿದ್ರ ಅದು 40.82 ಕ್ವಿಂಟಲ್ ತೂಗ್ತಿತ್ತು, ಡ ಊರಿನ 60 ಕ್ವಿಂಟಲ್ 59.86 ತೂಗ್ತಿತ್ತು. ಮಿಲ್ಲಿಂದ ಬಂದ ರೊಕ್ಕ ಇದೇ ಪ್ರಮಾಣದಾಗ ಹಂಚಿದ್ರು, ಒಣಗಿಸಿ ತಂದವರಿಗೆ ಒಣಗಿಸಿದ್ದರ ಬೆಲೆ ಸಿಕ್ತು.

ಮೂರನೇದು, ಇನ್ನು ಮ್ಯಾಲ ಖೇಪಿನ ಸರಾಸರಿ ನೋಡಿ ಲಾರಿ ಬಿಡೋದಿಲ್ಲ, ಲಾರಿಗೊಂದು ಲೆಕ್ಕ. ಮಿಲ್ಲಿನವ 300 ಕ್ವಿಂಟಲ್‌ನ ಸರಾಸರಿ ನೋಡಂಗಿಲ್ಲ, ಗೇಟಿನಾಗ ನಿಂತ ಲಾರಿಯೊಳಗ ಏನದ ಅದನ್ನ ನೋಡ್ತಾನ. ಮತ್ತ ಕಾಗದದ ಮ್ಯಾಲ ಕೂಡ್ಸಿದ್ರ ಕಾಳು ಕೂಡಂಗಿಲ್ಲ, ಮ್ಯಾಲ ಒಂದು ಸಾಲು ಅ ಊರಿನ ಚೀಲ ಕೆಳಗ ಡ ಊರಿನ ಚೀಲ ಹಾಕಿದ್ರ ಚುಚ್ಚಿದ ಚೀಲದಾಗ ಯಾವುದು ಸಿಗ್ತದೋ ಅದೇ ರೀಡಿಂಗ್. ಹಂಗಾಗಿ ಕಾಳನ್ನ ಕಣದಾಗ ಸುರಿದು ಸಲಿಕಿಯಿಂದ ಎರಡು ಸಲ ತಿರುವಿ ಹೊಸದಾಗಿ ಚೀಲ ತುಂಬಿದ್ರು.

ಏನಾತು

ಕೂಡ್ಸಿದ ಲಾರಿ ಮಿಲ್ಲಿನ ಮೀಟರಿನಾಗ 11.5 ಬಂತು, ಲೆಕ್ಕ 11.4 ಇತ್ತು. ಬ ಮತ್ತ ಕ ಊರಿನ 80 ಕ್ವಿಂಟಲ್‌ದು 11.3, ಲೆಕ್ಕನೂ 11.3. ಒಣಗಿಸಿದ 117 ಕ್ವಿಂಟಲ್ 11.7. ಮೂರೂ ಲಾರಿ ಇಳಿದ್ವು.

ರಜಿಸ್ಟರಿನಾಗ ಒಂದು ಕಾಲಮ್ ಹೆಚ್ಚಾತು, ನೀರಿನ ಕೆಜಿ. ಕೇಂದ್ರದವರು ಈಗ ಸರಾಸರಿ ಹೇಳಂಗಿಲ್ಲ, ಒಟ್ಟು ಕಾಳು ಇಷ್ಟು, ಒಟ್ಟು ನೀರು ಇಷ್ಟು ಅಂತ ಎರಡು ಕೂಡ್ಸಬಹುದಾದ ನಂಬರ್ ಹೇಳ್ತಾರ, ಭಾಗಾಕಾರ ಒಂದೇ ಸಲ, ಕೊನಿಗೆ, ಆಫೀಸಿನಾಗ. ಜೊತಿಗೆ ಎಲ್ಲಕ್ಕಿಂತ ಕಮ್ಮಿ ರೀಡಿಂಗ್, ಎಲ್ಲಕ್ಕಿಂತ ಹೆಚ್ಚು ರೀಡಿಂಗ್ ಕೂಡ ಬರೀತಾರ, ಸರಾಸರಿ ಅವೆರಡರ ಹೊರಗ ಬಿದ್ರ ಆ ದಿನದ ಲೆಕ್ಕ ಮುಂದ ಹೋಗಂಗಿಲ್ಲ. ಊರುಗಳ ಸಾದಾ ಸರಾಸರಿಯನ್ನೂ ಪೂರಾ ಕೈಬಿಡ್ಲಿಲ್ಲ, ಯಾವ ಊರಿನಾಗ ಒಣಗಿಸೋ ಬಗ್ಗೆ ತರಬೇತಿ ಇಡಬೇಕು ಅಂತ ಕುಂತಾಗ ಊರನ್ನೇ ಒಂದೊಂದು ಘಟಕ ಅಂತ ಹಿಡಿಯೋದು ಸರಿ, ಅಲ್ಲಿ ಅದೇ ಬಳಸ್ತಾರ.

ಮುಂದಿನ ಹಂಗಾಮಿನಾಗ ಇನ್ನೊಂದು ನಡೀತು. ತರಬೇತಿ ಆದ ಮ್ಯಾಲ ನಾಲ್ಕೂ ಊರಿನಾಗ ತೇವಾಂಶ ಇಳೀತು. ಅ ಊರಿನಾಗ 10.0, ಬ ಊರಿನಾಗ 10.6, ಕ ಊರಿನಾಗ 11.4, ಡ ಊರಿನಾಗ ಹೋದ ವರ್ಷದ ಖರೇ ಸರಾಸರಿ 13.27 ಇದ್ದದ್ದು 12.9. ಒಂದು ಊರೂ ಹಿಂದ ಬೀಳ್ಲಿಲ್ಲ. ಆದ್ರ ಒಟ್ಟು ಲೆಕ್ಕ ಹಾಕಿದ್ರ ಹೋದ ವರ್ಷ 12.33 ಇದ್ದದ್ದು ಈ ವರ್ಷ 12.42. ಅಧ್ಯಕ್ಷರು "ನಾಲ್ಕೂ ಊರು ಸುಧಾರಿಸ್ಯಾವ, ಒಟ್ಟು ಹೆಂಗ ಕೆಡ್ತು, ಮತ್ತ ಸೂತ್ರ ತಪ್ಪೇನೋ ತಮ್ಮಾ?" ಅಂತ ಕೇಳಿದ್ರು. ಹುಡುಗ ಮೊದಲು ಗಡಿ ನೋಡಿದ, 10.0ಕ್ಕೂ 12.9ಕ್ಕೂ ನಡುವೇ ಅದ. ಆಮ್ಯಾಲ ತೂಕದ ಕಾಲಮ್ ತೋರಿಸ್ದ. ಈ ಸಲ ಅ ಊರಿಂದ 30, ಬ ಊರಿಂದ 20, ಕ ಊರಿಂದ 40, ಡ ಊರಿಂದ 310 ಕ್ವಿಂಟಲ್. ಹೋದ ವರ್ಷ 300ರಾಗ 180 ಡ ಊರಿಂದು, ಈ ವರ್ಷ 400ರಾಗ 310. "ಗೌಡ್ರೇ, ಎರಡೂ ತುದಿ ಕೆಳಗೇ ಇಳದಾವ, ಆದ್ರ ಸರಾಸರಿ ಡ ಊರಿನ ತುದಿ ಕಡೆ ಸರೀತು, ಮಾಲು ಅಲ್ಲೇ ಹೆಚ್ಚಾಗ್ಯದಲ್ರಿ" ಅಂದ.

ಹಿಂದಿನ ಶೀಟಿನಂಗ ನಾಲ್ಕರಿಂದ ಭಾಗಿಸಿದ್ರ ಈ ವರ್ಷ 11.2 ಬರ್ತಿತ್ತು, ಎಲ್ಲಾ ಚಲೋ ನಡೆದದ ಅಂತ ಅನಸ್ತಿತ್ತು. ಹಂಗಲ್ಲ ಅಂತ ಗೊತ್ತಾದದ್ದಕ್ಕ ನಾಲ್ಕು ಊರಿಗೂ ಸಮ ಹಂಚಬೇಕು ಅಂತಿದ್ದ ತಾಡಪಾಲಿನ ರೊಕ್ಕದಾಗ ಮುಕ್ಕಾಲು ಭಾಗ ಡ ಊರಿನ ಕಣಕ್ಕ ಕೊಟ್ರು. ಮಿಕ್ಕ ಊರಿನವರು ಅದಕ್ಕ ಇನ್ನೂ ತಕರಾರು ತಗೀತಾರ, ಅದು ಮುಂದಿನ ಸಾಮಾನ್ಯ ಸಭೆಯ ವಿಷಯ ಪಟ್ಟಿಯೊಳಗ ಅದ.